ಅದೇ ನಾಲ್ಕು ಇಂಚು ಮಳೆ, ಆದರೆ ಒಂದೇ ಗಂಟೆಯಲ್ಲಿ

ಪ್ರಶ್ನೆ: ಕಕ್ಕಡದಲ್ಲಿ ದಿನಕ್ಕೆ ನಾಲ್ಕೈದು ಇಂಚು ಮಳೆ ಬಂದರೂ ನಮ್ಮ ತೋಡು ದಂಡೆ ಮೀರಲ್ಲ. ಆದರೆ ಒಂದು ಸಂಜೆ ಗಂಟೆ ಹೊತ್ತು ಸುರಿದ ಮಳೆಗೆ ಗದ್ದೆ ತುಂಬ ಕಲ್ಲು, ಕೆಸರು. ಬೆಳಿಗ್ಗೆ ಅಳತೆ ನೋಡಿದರೆ ನಾಲ್ಕೇ ಇಂಚು! ಇದನ್ನೇ ಮೇಘಸ್ಫೋಟ ಅನ್ನೋದಾ?

ನಾಲ್ಕು ಇಂಚೂ ಆ ಒಂದು ಗಂಟೆಯಲ್ಲೇ ಬಿದ್ದಿದ್ದರೆ, ಹೌದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸುಮಾರು 20–30 ಚದರ ಕಿ.ಮೀ. ಜಾಗದಲ್ಲಿ ಗಂಟೆಗೆ 100 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಮಳೆ ಸುರಿದರೆ ಅದು ಮೇಘಸ್ಫೋಟ. 100 ಮಿ.ಮೀ. ಅಂದರೆ ನಮ್ಮ ತೋಟದ ಲೆಕ್ಕದಲ್ಲಿ ಹತ್ತಿರ ಹತ್ತಿರ ನಾಲ್ಕು ಇಂಚು.

ಹೆಸರು ಕೇಳಿ ಮೋಡ ಬಲೂನಿನ ಹಾಗೆ ಒಡೆಯುತ್ತದೆ ಅಂದುಕೊಳ್ಳಬೇಡಿ, ಅಲ್ಲಿ ಏನೂ ಸಿಡಿಯುವುದಿಲ್ಲ. ತೇವ ತುಂಬಿದ ಬಿಸಿ ಗಾಳಿ ಬೆಟ್ಟಕ್ಕೆ ತಾಗಿ ಮೇಲಕ್ಕೆ ಏರುತ್ತದೆ. ಗುಡುಗಿನ ಮೋಡ ಹತ್ತು ಹನ್ನೆರಡು ಕಿ.ಮೀ. ಎತ್ತರಕ್ಕೂ ಬೆಳೆಯಬಹುದು. ಏರುವ ಗಾಳಿ ಜೋರಾಗಿದ್ದಷ್ಟು ಹೊತ್ತು ಹನಿಗಳನ್ನು ಕೆಳಗೆ ಬೀಳಲು ಬಿಡುವುದಿಲ್ಲ. ಅವು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಗಾಳಿ ಸೋತಾಗ ಎಲ್ಲ ಒಟ್ಟಿಗೆ ಇಳಿಯುತ್ತದೆ. ಮೋಡ ಬೆಟ್ಟ ಬಿಟ್ಟು ಮುಂದೆ ಹೋಗದೆ ಅಲ್ಲೇ ನಿಂತರೆ ಮುಗಿಯಿತು, ಒಂದೇ ಊರಿನ ಮೇಲೆ ಸುರಿಯುತ್ತದೆ. ನಮ್ಮ ಮುಂಗಾರಿನ ಮಳೆ ಸಾಮಾನ್ಯವಾಗಿ ಹೀಗಲ್ಲ. ಅದು ಬಿಡದೆ, ಒಂದೇ ಸಮನೆ ಹೊಯ್ಯುವ ಮಳೆ.

ಈಗ ನಿಮ್ಮ ತೋಡಿನ ಲೆಕ್ಕಕ್ಕೆ ಬರೋಣ. ಅದಕ್ಕೆ ನೀರು ಕೊಡುವ ಇಳಿಜಾರು, ಕಾಡು ತೋಟ ಎಲ್ಲ ಸೇರಿ, 500 ಎಕರೆ ಅಂತಿಟ್ಟುಕೊಳ್ಳಿ. ಅಷ್ಟು ಜಾಗದ ಮೇಲೆ ನಾಲ್ಕು ಇಂಚು ಮಳೆ ಅಂದರೆ ಸುಮಾರು 20 ಕೋಟಿ ಲೀಟರ್ ನೀರು. ಇಡೀ ದಿನ ನಿಧಾನವಾಗಿ ಬಿದ್ದರೆ, ಒಂದು ಹನಿಯೂ ಇಂಗದಿದ್ದರೂ, ತೋಡಿಗೆ ಬರುವುದು ಸೆಕೆಂಡಿಗೆ 2,300 ಲೀಟರ್ ಆಸುಪಾಸು. ಅದೇ ನೀರು ಒಂದು ಗಂಟೆಯಲ್ಲಿ ಬಿದ್ದರೆ ಸೆಕೆಂಡಿಗೆ 55,000 ಲೀಟರ್! ಅರ್ಧ ನೀರು ಮಣ್ಣಿಗೆ ಇಳಿಯಿತು ಅಂದುಕೊಂಡರೂ ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ ಟ್ಯಾಂಕರ್ ಲಾರಿಯಷ್ಟು ನೀರು ನಿಮ್ಮ ಮೋರಿಗೆ ನುಗ್ಗುತ್ತದೆ. ವಾರಗಟ್ಟಲೆ ನೆನೆದ ಮಣ್ಣಾದರೆ ಅರ್ಧ ಇಂಗುವುದೂ ಕಷ್ಟ.

ಬಯಲುಸೀಮೆಯಲ್ಲೂ ಇಷ್ಟೇ ಮಳೆ ಬೀಳಬಹುದು. ಆದರೆ ಅಲ್ಲಿ ನೀರು ಹೊಲದಲ್ಲಿ ಹರಡಿ ನಿಲ್ಲುತ್ತದೆ, ಹಳ್ಳಕ್ಕೆ ಬರುವುದು ತಡವಾಗಿ. ನಮ್ಮ ಬೆಟ್ಟದಲ್ಲಿ ನಿಲ್ಲಲು ಜಾಗವೇ ಇಲ್ಲ. ಇಷ್ಟು ಚಿಕ್ಕ ಇಳಿಜಾರಿನಲ್ಲಿ ಮೇಲಿನ ತುದಿಯ ನೀರು ಅರ್ಧ ಗಂಟೆಯೊಳಗೆ ಗದ್ದೆ ಮುಟ್ಟುತ್ತದೆ. ಹಾಗಾಗಿ ಮಳೆ ಇನ್ನೂ ಸುರಿಯುತ್ತಿರುವಾಗಲೇ ಸುತ್ತಲಿನ ಇಳಿಜಾರಿನ ನೀರೆಲ್ಲ ಕೆಳಗಿನ ಇಕ್ಕಟ್ಟಿನಲ್ಲಿ ಒಂದಾಗುತ್ತದೆ. ಕೊಳವೆಯ ಬಾಯಿಗೆ ಬಿಂದಿಗೆ ಸುರಿದ ಹಾಗೆ.

ನೀರೊಂದೇ ಬಂದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅದು ಮಣ್ಣು, ಕಲ್ಲು, ಸಿಲ್ವರ್ ಓಕ್ ಮರ ಎಲ್ಲವನ್ನೂ ಎಳೆದು ತರುತ್ತದೆ. ನಮ್ಮ ತೋಟದ ಕೆಳಗೆ ಒಂದು ಸಲ ಒಂದು ಮರದ ದಿಮ್ಮಿ ಮೋರಿಗೆ ಅಡ್ಡ ಸಿಕ್ಕಿತ್ತು, ಅದಕ್ಕೆ ಬಿದಿರು, ಎಲೆ, ಹಳೇ ಗೋಣಿ ಬಂದು ಮೆತ್ತಿಕೊಂಡವು. ಕಾಲು ಗಂಟೆಯಲ್ಲಿ ನೀರು ರಸ್ತೆ ಏರಿ, ಪಕ್ಕದ ಬರೆಯನ್ನೇ ಕೊರೆದುಕೊಂಡು ಹೋಯಿತು.

ಹಾಗಂತ ಕೊಡಗಿನ ಪ್ರತಿ ಅನಾಹುತಕ್ಕೂ ಮೇಘಸ್ಫೋಟದ ಹೆಸರು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟಗಳು ಜಾರಿದ್ದು ದಿನಗಟ್ಟಲೆ ಬಿದ್ದ ಮಳೆಗೆ ಮಣ್ಣು ನೆನೆದು ಭಾರವಾಗಿ, ಹಿಡಿತ ಕಳೆದುಕೊಂಡಿದ್ದರಿಂದ. ಅಲ್ಲಿ ಮುಖ್ಯವಾಗಿದ್ದು ಒಟ್ಟು ಮಳೆ. ನಿಮ್ಮ ತೋಡಿನ ವಿಷಯದಲ್ಲಿ ಮುಖ್ಯವಾಗಿದ್ದು ಮಳೆಯ ವೇಗ.

ಬೆಳಿಗ್ಗೆಗೊಮ್ಮೆ ನೋಡುವ ಮಳೆ ಮಾಪಕ ಈ ವೇಗವನ್ನು ಹೇಳುವುದಿಲ್ಲ. ನಿಮ್ಮ ನಾಲ್ಕು ಇಂಚಿನಲ್ಲಿ ಒಂದಿಂಚು ರಾತ್ರಿಯ ಜಿಟಿಜಿಟಿಯದ್ದೂ ಇರಬಹುದು, ಅಲ್ವಾ? ಮಳೆ ಜೋರಾದಾಗ, ಮಾಪಕ ಮನೆ ಹತ್ತಿರವೇ ಇದ್ದರೆ, ಕಾಲು ಗಂಟೆಗೊಮ್ಮೆ ನೋಡಿ ಬರೆದಿಡಿ. ಕಾಲು ಗಂಟೆಯಲ್ಲಿ ಒಂದಿಂಚು ಏರಿದರೆ, ಅದು ಮೇಘಸ್ಫೋಟದ ವೇಗ. ಯಾವ ಕಣಿವೆಯ ಮೇಲೆ ಹೀಗೆ ಸುರಿಯುತ್ತದೆ ಅಂತ ಹಿಂದಿನ ದಿನವೇ ಹೇಳುವುದು ಇವತ್ತಿಗೂ ಆಗದ ಕೆಲಸ. ರೇಡಾರ್ ಇದ್ದರೂ ಸಿಗುವುದು ಕೆಲವು ಗಂಟೆಗಳ ಮುನ್ಸೂಚನೆ ಮಾತ್ರ.

ತೋಡಿನ ಮೇಲೂ ಕಣ್ಣಿರಲಿ. ನಿಮ್ಮಲ್ಲಿ ಮಳೆ ಇಲ್ಲದಿದ್ದರೂ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಒಳಗೆ ಕಲ್ಲು ಉರುಳುವ ಸದ್ದು ಬಂದರೆ, ಮೇಲೆ ಸುರಿಯುತ್ತಿದೆ ಅಂತಲೇ ಅರ್ಥ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಜೋರು ಮಳೆಯ ನಡುವೆಯೇ ತೋಡು ತಟ್ಟನೆ ಸಣ್ಣದಾದರೆ ಜನ "ಇಳೀತು" ಅಂತ ನೋಡಲು ಹೋಗುತ್ತಾರೆ. ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಕಟ್ಟೆ ಕಟ್ಟಿರುವ ಸಾಧ್ಯತೆ ಜಾಸ್ತಿ. ಆ ಕಟ್ಟೆ ಒಡೆಯುವ ಮುಂಚೆ ದನ ಬಿಚ್ಚಿ, ತೋಡಿನಿಂದ ದೂರ, ಜಾರುವ ಬರೆಯ ಕೆಳಗಲ್ಲದ ಎತ್ತರಕ್ಕೆ ಹೋಗಿಬಿಡಿ.