ದೃಶ್ಯ ಮುಂದೆ ಹೋದರೂ ಮಾತು ಹಿಂದೆಯೇ ಉಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮೂರಿನ ಆಲೆಮನೆಯಲ್ಲಿ ಬೆಲ್ಲ ಮಾಡುವುದನ್ನು ಚಿತ್ರೀಕರಿಸಿ, 4 ನಿಮಿಷ 10 ಸೆಕೆಂಡಿನ ವಿಡಿಯೊ ಮಾಡಿದ್ದೇನೆ. ನಿರೂಪಣೆಯನ್ನು ಮನೆಯ ಖಾಲಿ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ದಾಖಲಿಸಿದೆ. ಧ್ವನಿ ಬಾವಿಯೊಳಗಿನಿಂದ ಬಂದಂತಿದೆ. ಮೇಲಾಗಿ ಪಾಕ ಸುರಿಯುವ ಮಾತು ಬರುವಷ್ಟರಲ್ಲಿ ತೆರೆಯ ಮೇಲೆ ಅಚ್ಚು ಬೆಲ್ಲ ಬಂದಿರುತ್ತದೆ. ಬೇಗ ಬೇಗ ಓದಿದರೆ ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಕೇಳಿಸುತ್ತದೆ. ಯಾವ ವೇಗದಲ್ಲಿ ಓದಬೇಕು?

ಉತ್ತರ: ನೀವು ಓದುವ ವೇಗದಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಬರೆದ ವಾಕ್ಯಗಳಲ್ಲಿ. ಅದಕ್ಕೆ ಬರುವ ಮೊದಲು ಬಾವಿಯ ವಿಷಯ ಮುಗಿಸಿಬಿಡೋಣ.

ಸದ್ದಿಲ್ಲದ ಕೋಣೆ ಬೇರೆ, ಮಾರ್ದನಿ ಇಲ್ಲದ ಕೋಣೆ ಬೇರೆ. ಖಾಲಿ ಕೋಣೆಯಲ್ಲಿ ಹೊರಗಿನ ಸದ್ದು ಇಲ್ಲದಿರಬಹುದು. ಆದರೆ ನಿಮ್ಮದೇ ಧ್ವನಿ ಬರಿಯ ಗೋಡೆಗೂ ಟೈಲ್ಸ್ ನೆಲಕ್ಕೂ ಬಡಿದು, ಒಂದಿಷ್ಟು ತಡವಾಗಿ ಮೈಕಿಗೆ ಮರಳುತ್ತದೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಅಲ್ಲೇ ಸತ್ತರೆ ಸರಿ, ಬಾಲ ಎಳೆದುಕೊಂಡು ಹೋದರೆ ಆ ಕೋಣೆ ಬೇಡ. ಮಲಗುವ ಕೋಣೆಯೇ ಒಳ್ಳೆಯದು. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು ಎಲ್ಲವೂ ಸದ್ದನ್ನು ನುಂಗುತ್ತವೆ. ಬೀರುವಿನ ಬಾಗಿಲು ತೆರೆದು ಸೀರೆಗಳಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಅನೇಕರು ಸೀರೆಗಳ ಕಡೆ ಮುಖ ಮಾಡಿ, ಬೆನ್ನ ಹಿಂದೆ ಬೋಳು ಗೋಡೆ ಬಿಟ್ಟುಕೊಳ್ಳುತ್ತಾರೆ. ನಿಮ್ಮತ್ತ ಮುಖ ಮಾಡಿದ ಮೈಕು ನಿಮ್ಮ ಜೊತೆಗೆ ನಿಮ್ಮ ಹಿಂದಿರುವುದನ್ನೂ ಕೇಳಿಸಿಕೊಳ್ಳುತ್ತದೆ ಎಂಬುದು ನೆನಪಿರಲಿ. ಬೀರು ಇಲ್ಲದಿದ್ದರೆ ಗೋಡೆಯಿಂದ ಒಂದು ಗೇಣು ಮುಂದಕ್ಕೆ ದಪ್ಪ ಕಂಬಳಿಯೊಂದನ್ನು ನೇತುಹಾಕಿ. ಮೊಟ್ಟೆಯ ಟ್ರೇಗಳನ್ನು ಅಂಟಿಸಬೇಡಿ, ಅವುಗಳಿಂದ ಗೋಡೆ ಕೆಡುವುದಷ್ಟೇ ಲಾಭ.

ಮೊಬೈಲು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇರಲಿ. ದೂರ ಅರ್ಧವಾದರೆ ನಿಮ್ಮ ನೇರ ಧ್ವನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ. ಆದ್ದರಿಂದ ಸದ್ದು ಸಾಲದೆನಿಸಿದರೆ ಮೈಕನ್ನು ಹತ್ತಿರ ತರಬೇಕೇ ಹೊರತು ದಾಖಲೆಯ ಮಟ್ಟವನ್ನು ಏರಿಸುವುದಲ್ಲ. ಪಕ್ಕಕ್ಕೆ ಏಕೆಂದರೆ ಪಾಕ, ಬೆಲ್ಲ, ಕಬ್ಬು ಎನ್ನುವಾಗ ಪಕಾರ ಬಕಾರಗಳ ಗಾಳಿ ನೇರವಾಗಿ ಮೈಕಿಗೆ ಹೊಡೆದು ‘ಧಬ್’ ಎನ್ನುತ್ತದೆ. ನಿಮ್ಮ ವಿಷಯದಲ್ಲಂತೂ ಈ ಅಕ್ಷರಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

ಫ್ಯಾನ್ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಫ್ರಿಜ್ ಮರೆತುಹೋಗುತ್ತದೆ. ಒಮ್ಮೆ ರಾತ್ರಿ ಎರಡು ಗಂಟೆ ಕುಳಿತು ದಾಖಲಿಸಿದ ನನ್ನ ನಿರೂಪಣೆ ಬೆಳಿಗ್ಗೆ ಕೇಳಿದಾಗ ತೇಪೆ ಹಾಕಿದ ಬಟ್ಟೆಯಂತಿತ್ತು. ಅಡುಗೆಮನೆಯ ಫ್ರಿಜ್ ನಡುನಡುವೆ ಚಾಲೂ ಆಗಿ ನಿಂತಿತ್ತು. ಒಂದು ವಾಕ್ಯದ ಹಿಂದೆ ಸಣ್ಣ ಗುಂಯ್, ಮುಂದಿನ ವಾಕ್ಯದ ಹಿಂದೆ ನಿಶ್ಶಬ್ದ. ಬಿಡದೆ ಬರುವ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಬಂದು ಹೋಗುವುದನ್ನು ಮರೆಯುವುದಿಲ್ಲ. ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಫ್ರಿಜ್ ಆರಿಸುವಾಗ ಮನೆಯ ಬೀಗದ ಕೈಯನ್ನು ಅದರೊಳಗೆ ಇಡುತ್ತೇನೆ, ಹೊರಗೆ ಹೊರಟಾಗ ಮತ್ತೆ ಚಾಲೂ ಮಾಡಲು ನೆನಪಾಗಲಿ ಎಂದು. ಇನ್ನೊಂದು, ಓದು ಶುರು ಮಾಡುವ ಮೊದಲು ಅರ್ಧ ನಿಮಿಷ ಸುಮ್ಮನೆ ಕುಳಿತು ಕೋಣೆಯ ಮೌನವನ್ನೇ ದಾಖಲಿಸುತ್ತೇನೆ. ವಾಕ್ಯಗಳನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಜಾಗಕ್ಕೆ ಈ ಮೌನವನ್ನೇ ತುಂಬಬೇಕು. ಏನನ್ನೂ ತುಂಬದೆ ಬಿಟ್ಟರೆ ಅಲ್ಲಿ ಧ್ವನಿ ಕಡಿದು ಬಿದ್ದಂತೆ ಕೇಳುತ್ತದೆ.

ಈಗ ಮಾತು ಮತ್ತು ದೃಶ್ಯದ ಹೊಂದಾಣಿಕೆಗೆ ಬರೋಣ. ನಿಮಿಷಕ್ಕೆ 150 ಪದ ಎಂಬ ಲೆಕ್ಕವನ್ನು ನೀವೂ ಎಲ್ಲೋ ಓದಿರಬಹುದು. ಅದು ಇಂಗ್ಲಿಷಿನದು, ಕನ್ನಡಕ್ಕೆ ಒಗ್ಗುವುದಿಲ್ಲ. ‘ಕೊಪ್ಪರಿಗೆಯಲ್ಲಿ’ ಎಂಬುದೂ ಒಂದು ಪದ, ‘ಈ’ ಎಂಬುದೂ ಒಂದು ಪದ. ಕನ್ನಡದಲ್ಲಿ ಅಕ್ಷರ ಎಣಿಸಬೇಕು, ಒತ್ತು ಸೇರಿದ್ದನ್ನೂ ಒಂದೇ ಎಂದು ಹಿಡಿದು. ಕಂಪ್ಯೂಟರ್ ತೋರಿಸುವ ಸಂಖ್ಯೆಯನ್ನು ನಂಬಬೇಡಿ, ಅದು ‘ತ್ತಿ’ಯನ್ನು ನಾಲ್ಕು ಎಂದು ಎಣಿಸುತ್ತದೆ. ಪತ್ರಿಕೆಯ ಒಂದು ತುಣುಕನ್ನು ಎದುರಿಗಿದ್ದವರಿಗೆ ಹೇಳುವಂತೆ ಒಂದು ನಿಮಿಷ ಓದಿ, ಓದಿದ ಅಕ್ಷರಗಳನ್ನು ಎಣಿಸಿ. ನನಗೆ 300ರ ಆಸುಪಾಸು ಬರುತ್ತದೆ, ಅಂದರೆ ಸೆಕೆಂಡಿಗೆ ಐದು. ನಿಮ್ಮದು ತುಸು ಹೆಚ್ಚು ಕಡಿಮೆ ಇರಬಹುದು. ಅದೇ ನಿಮ್ಮ ವೇಗ, ಅದನ್ನು ಬದಲಿಸಲು ಹೋಗಬೇಡಿ.

ನೀವು ಕಳಿಸಿದ ಬರಹದಲ್ಲಿ ಹೆಚ್ಚುಕಡಿಮೆ 1,500 ಅಕ್ಷರಗಳಿವೆ. ಈ ವೇಗದಲ್ಲಿ ಉಸಿರು ಬಿಡದೆ ಓದಿದರೂ 300 ಸೆಕೆಂಡು ಬೇಕು, ನಿಮ್ಮ ವಿಡಿಯೊ ಇರುವುದೇ 250 ಸೆಕೆಂಡು. ಅದರಲ್ಲೂ ಮೂರನೇ ಒಂದು ಭಾಗವನ್ನಾದರೂ ಗಾಣದ ಸದ್ದಿಗೆ, ಕುದಿಯುವ ಕಬ್ಬಿನ ಹಾಲಿನ ಸದ್ದಿಗೆ ಬಿಡಬೇಕು. ಉಳಿಯುವುದು ಸುಮಾರು 830 ಅಕ್ಷರ. ಅರ್ಧಕ್ಕೆ ಹತ್ತಿರ ಹತ್ತಿರ ಕತ್ತರಿಸಬೇಕು. ನೋವಾಗುತ್ತದೆ, ಆದರೆ ಕತ್ತರಿಸುವುದು ಎಲ್ಲಿ ಎಂದು ತಿಳಿದರೆ ಅಷ್ಟಾಗಿ ಆಗುವುದಿಲ್ಲ.

ಪಾಕ ಸುರಿಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಅದು 1:42ಕ್ಕೆ ಶುರುವಾಗಿ 1:51ಕ್ಕೆ ಮುಗಿಯುತ್ತದೆ, ಒಟ್ಟು ಒಂಬತ್ತು ಸೆಕೆಂಡು. ನೀವು ಬರೆದಿರುವುದು ಹೀಗೆ:

‘ಹೀಗೆ ಸುಮಾರು ಎರಡೂವರೆ ಗಂಟೆಗಳ ಕಾಲ ದೊಡ್ಡ ಕೊಪ್ಪರಿಗೆಯಲ್ಲಿ ಹದವಾಗಿ ಕುದಿದು ಗಟ್ಟಿಯಾದ ಪಾಕವನ್ನು ಇದೀಗ ಇಬ್ಬರು ಕೆಲಸಗಾರರು ಸೇರಿ ಮರದ ತೊಟ್ಟಿಗೆ ಸುರಿಯುತ್ತಿರುವುದನ್ನು ನಾವು ಇಲ್ಲಿ ಕಾಣಬಹುದು.’

ಎಣಿಸಿದೆ, 76 ಅಕ್ಷರ. ಹದಿನೈದು ಸೆಕೆಂಡಿನ ಮಾತು. ಇದಕ್ಕಿಂತ ಮುಖ್ಯವಾದ ತೊಡಕು ಬೇರೆ ಇದೆ. ಕನ್ನಡದ ಕ್ರಿಯಾಪದ ವಾಕ್ಯದ ತುದಿಯಲ್ಲಿ ಕುಳಿತಿರುತ್ತದೆ. ‘ಸುರಿ’ ಎಂಬ ಮಾತು ಬರುವ ಮೊದಲು ಇಲ್ಲಿ 59 ಅಕ್ಷರಗಳು ದಾಟಬೇಕು, ಅಂದರೆ ಸುಮಾರು ಹನ್ನೆರಡು ಸೆಕೆಂಡು. ಅಷ್ಟರಲ್ಲಿ ಸುರಿಯುವ ದೃಶ್ಯ ಮುಗಿದು ಮೂರು ಸೆಕೆಂಡಾಗಿರುತ್ತದೆ. ನೀವು ಹೇಳಿದ ‘ಮಾತು ಹಿಂದೆ ಉಳಿಯುತ್ತದೆ’ ಎಂಬುದರ ಗುಟ್ಟು ಇಷ್ಟೇ. ವಾಕ್ಯ ಉದ್ದವಾದಷ್ಟೂ ಕ್ರಿಯಾಪದ ದೂರ ಸರಿಯುತ್ತದೆ. ಓದುವಾಗ ಇದು ತೊಂದರೆ ಕೊಡುವುದಿಲ್ಲ, ಏಕೆಂದರೆ ಓದುಗ ಕಾಯುತ್ತಾನೆ. ದೃಶ್ಯ ಕಾಯುವುದಿಲ್ಲ.

ಜೊತೆಗೆ, ಇಬ್ಬರು ಸುರಿಯುತ್ತಿರುವುದು ಕಣ್ಣಿಗೇ ಕಾಣುತ್ತಿದೆ. ತೊಟ್ಟಿ ಮರದ್ದು ಎಂಬುದೂ ಕಾಣುತ್ತಿದೆ. ‘ನಾವು ಇಲ್ಲಿ ಕಾಣಬಹುದು’ ಎಂಬುದಂತೂ ಎಲ್ಲ ನಿರೂಪಣೆಗಳಿಂದಲೂ ಗಡೀಪಾರು ಆಗಬೇಕಾದ ಮಾತು. ಕಣ್ಣಿಗೆ ಕಾಣದಿರುವುದು ಎರಡೇ: ಎಷ್ಟು ಹೊತ್ತು ಕುದಿಯಿತು, ಇವರಿಗೆ ಇಷ್ಟು ಅವಸರ ಏಕೆ. ಅಷ್ಟನ್ನು ಹೇಳಿ:

‘ಎರಡೂವರೆ ಗಂಟೆಯ ಕುದಿತ ಮುಗಿಯಿತು. ಇನ್ನೊಂದು ನಿಮಿಷ ತಡವಾದರೂ ತಳ ಹತ್ತುತ್ತದೆ.’

ಮೊದಲ ವಾಕ್ಯ 15 ಅಕ್ಷರ, ಮೂರು ಸೆಕೆಂಡು. ಇದನ್ನು ಸುರಿಯುವ ದೃಶ್ಯದ ಮೇಲೆ ಇಡಬೇಡಿ, ಅದರ ಹಿಂದಿನ ಕುದಿಯುವ ದೃಶ್ಯದ ಕೊನೆಗೆ, 1:39ಕ್ಕೆ ಶುರು ಮಾಡಿ. ‘ಮುಗಿಯಿತು’ ಎನ್ನುವುದಕ್ಕೂ ದೃಶ್ಯ ಬದಲಾಗುವುದಕ್ಕೂ ಸರಿಹೋಗುತ್ತದೆ. 1:42ರಿಂದ 1:46ರವರೆಗೆ ನೀವು ಬಾಯಿ ತೆರೆಯಬೇಡಿ. ಕೊಪ್ಪರಿಗೆ ವಾಲುತ್ತದೆ, ಪಾಕ ತೊಟ್ಟಿಗೆ ಬೀಳುವ ಸದ್ದು ಕೇಳುತ್ತದೆ. ಆಮೇಲೆ ಎರಡನೆಯ ವಾಕ್ಯ, 17 ಅಕ್ಷರ, ಮೂರೂವರೆ ಸೆಕೆಂಡಿನೊಳಗೆ. ಅದು 1:50ರ ಹೊತ್ತಿಗೆ ಮುಗಿದು, ದೃಶ್ಯ ಬದಲಾಗುವ ಮೊದಲು ಇನ್ನೂ ಒಂದು ಸೆಕೆಂಡು ಉಳಿಯುತ್ತದೆ. ಆ ಒಂದು ಸೆಕೆಂಡನ್ನು ಏನಾದರೂ ಹೇಳಿ ತುಂಬಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಉಳಿದ ದೃಶ್ಯಗಳಿಗೂ ಹೀಗೆಯೇ ಮಾಡಿ. ವಿಡಿಯೊವನ್ನು ಸದ್ದಿಲ್ಲದೆ ಓಡಿಸುತ್ತಾ ಪ್ರತಿ ದೃಶ್ಯ ಶುರುವಾಗುವ ಮತ್ತು ಮುಗಿಯುವ ಹೊತ್ತನ್ನು ಕಾಗದದ ಎಡಗಡೆ ಬರೆದುಕೊಳ್ಳಿ. ಬಲಗಡೆ ಮಾತು, ಸಾಲಿಗೆ ಹದಿನೈದು ಅಕ್ಷರದಂತೆ. ಆಗ ಒಂದು ಸಾಲು ಎಂದರೆ ಮೂರು ಸೆಕೆಂಡು, ಮತ್ತೆ ಮತ್ತೆ ಎಣಿಸಬೇಕಿಲ್ಲ. ವಸ್ತುವಿನ ಹೆಸರು ಹೇಳುವ ಕಡೆ ಮಾತ್ರ ಜಾಗ್ರತೆ: ‘ಗಾಣ’ ಎಂಬ ಮಾತು ಗಾಣ ಕಂಡ ಅರ್ಧ ಸೆಕೆಂಡಿನ ನಂತರ ಬರಲಿ. ತೆರೆಯ ಮೇಲೆ ಇನ್ನೂ ಕಬ್ಬಿನ ಗದ್ದೆ ಇರುವಾಗ ಗಾಣ ಎಂದರೆ ನೋಡುವವರು ಗದ್ದೆಯಲ್ಲಿ ಗಾಣ ಹುಡುಕುತ್ತಾರೆ.

ದಾಖಲಿಸುವಾಗ ವಿಡಿಯೊ ನೋಡುತ್ತಾ ಓದಬೇಕೇ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ನನ್ನ ಮಟ್ಟಿಗೆ ಬೇಡ. ಕಣ್ಣು ಗಡಿಯಾರದ ಮೇಲಿದ್ದರೆ ಧ್ವನಿ ಬಸ್ ಹಿಡಿಯಲು ಓಡುವವರ ಧ್ವನಿಯಾಗುತ್ತದೆ. ಎರಡು ಸಲ ವಿಡಿಯೊ ಜೊತೆ ಓದಿ ಅಭ್ಯಾಸ ಮಾಡಿ, ಆಮೇಲೆ ತೆರೆ ಮುಚ್ಚಿ ಕಾಗದ ನೋಡಿ ಓದಿ. ಪ್ರತಿ ತುಣುಕಿಗೂ ಮೊದಲು ದೃಶ್ಯದ ಸಂಖ್ಯೆ ಹೇಳಿ, ಮೂರು ಸಲ ಓದಿ. ತಪ್ಪಿದರೆ ನಿಲ್ಲಿಸಬೇಡಿ, ಒಂದು ಚಿಟಿಕೆ ಹೊಡೆದು ವಾಕ್ಯವನ್ನು ಮೊದಲಿನಿಂದ ಹೇಳಿ. ಸಂಕಲನ ಮಾಡುವಾಗ ಆ ಚಿಟಿಕೆ ಧ್ವನಿಯ ಗೆರೆಯಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ, ತಪ್ಪಿದ ಜಾಗ ಹುಡುಕಬೇಕಾಗಿಲ್ಲ. ಎಲ್ಲವನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಕುಳಿತು ಮುಗಿಸಿ. ಬೆಳಗಿನ ಗಂಟಲು ಸಂಜೆಗೆ ಇರುವುದಿಲ್ಲ, ಜೋಡಿಸಿದಾಗ ಇಬ್ಬರು ಮಾತಾಡಿದಂತಾಗುತ್ತದೆ.

ಇಷ್ಟಾದರೂ ಒಂದೆರಡು ಕಡೆ ಮಾತು ಅರ್ಧ ಸೆಕೆಂಡು ಹೊರಗೆ ಚಾಚುತ್ತದೆ. ಸಾಫ್ಟ್‌ವೇರಿನಲ್ಲಿ ಧ್ವನಿಯ ವೇಗವನ್ನು ನೂರಕ್ಕೆ ಮೂರರಷ್ಟು ಹೆಚ್ಚಿಸಿದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಹತ್ತು ದಾಟಿದರೆ ತಿಳಿಯುತ್ತದೆ. ಅದಕ್ಕಿಂತ ಮೊದಲು ವಾಕ್ಯಗಳ ನಡುವಿನ ಬಿಡುವನ್ನು ಕತ್ತರಿಸಿ ನೋಡಿ. ಅದೂ ಸಾಲದಿದ್ದರೆ ಚಿತ್ರವನ್ನೇ ಹಿಗ್ಗಿಸಿ. ನಿಮ್ಮ ಬಳಿ ಬೆಂಕಿಗೆ ಕಬ್ಬಿನ ಸಿಪ್ಪೆ ಎಸೆಯುವ ದೃಶ್ಯ ಇಪ್ಪತ್ತು ಸೆಕೆಂಡಿನದು ಇದೆ, ವಿಡಿಯೊದಲ್ಲಿ ಬಳಸಿರುವುದು ಆರೇ ಸೆಕೆಂಡು. ಅಲ್ಲಿ ಇನ್ನೆರಡು ಸೆಕೆಂಡು ಹಾಕಿದರೆ ಬೆಂಕಿಗೂ ಸಂತೋಷ, ನಿಮಗೂ ಉಸಿರು.