ಮಾವನ ಮೂರು ವಯಸ್ಸು

ದಾವಣಗೆರೆಯ ನಮ್ಮ ಸೋದರಮಾವನಿಗೆ ಶಾಲೆಯ ದಾಖಲೆಯ ಪ್ರಕಾರ 67. ಹುಟ್ಟಿದ ದಿನ ಜೂನ್ 1. ಆ ಕಾಲದ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ, ಹೆಡ್‌ಮಾಸ್ತರರ ಕೃಪೆ. ಕಳೆದ ತಿಂಗಳು ಮಗ ಮಾಡಿಸಿದ ‘ಜೈವಿಕ ವಯಸ್ಸಿನ’ ಪರೀಕ್ಷೆ ಮಾತ್ರ 63 ಎಂದಿತು. ಬೆಣ್ಣೆ ದೋಸೆ ಬಿಡದೆಯೇ ನಾಲ್ಕು ವರ್ಷ ಚಿಕ್ಕವನಾದೆ ಎಂದು ಮಾವ ಬೀಗಿದರು.

ಈ ಪರೀಕ್ಷೆ ಓದುವುದು ಡಿಎನ್‌ಎಯ ಅಕ್ಷರಗಳನ್ನಲ್ಲ, ಅವುಗಳ ಮೇಲೆ ಅಂಟಿಕೊಂಡಿರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳನ್ನು. ಡಿಎನ್‌ಎಗೆ ಬೈಸಲ್ಫೈಟ್ ಬೆರೆಸಿದಾಗ ಗುರುತಿಲ್ಲದ ಸೈಟೊಸಿನ್ ಅಕ್ಷರ ರೂಪ ಬದಲಿಸುತ್ತದೆ, ಗುರುತಿರುವುದು ಹಾಗೆಯೇ ಉಳಿಯುತ್ತದೆ. ಒಂದು ತಾಣದಲ್ಲಿ ನೂರಕ್ಕೆ ಎಷ್ಟು ಪ್ರತಿಗಳು ಹಾಗೆ ಉಳಿದವು ಎಂಬುದನ್ನು ಚಿಪ್ ಅಳೆಯುತ್ತದೆ. ವಯಸ್ಸಾದಂತೆ ಈ ಪಾಲು ಕೆಲವು ತಾಣಗಳಲ್ಲಿ ಏರುತ್ತದೆ, ಕೆಲವೆಡೆ ಇಳಿಯುತ್ತದೆ. 2013ರಲ್ಲಿ ವಿಜ್ಞಾನಿ ಸ್ಟೀವ್ ಹೋರ್ವತ್ ಇಂಥ 353 ತಾಣಗಳನ್ನು ಆರಿಸಿ ವಯಸ್ಸು ಹೇಳುವ ಸೂತ್ರ ಕಟ್ಟಿದರು. ಇಂಥ ಸೂತ್ರಗಳನ್ನು ‘ಗಡಿಯಾರ’ ಎಂದೇ ಕರೆಯುತ್ತಾರೆ.

ಇಲ್ಲೊಂದು ತಮಾಷೆಯಿದೆ. ಆ ಸೂತ್ರಕ್ಕೆ ಪಾಠ ಹೇಳಿದ್ದೇ ಕ್ಯಾಲೆಂಡರ್. ಸಾವಿರಾರು ಜನರ ಮಾದರಿಗಳನ್ನೂ ಅವರ ವಯಸ್ಸನ್ನೂ ಕೊಟ್ಟು, ಎರಡನ್ನೂ ಹೊಂದಿಸು ಎಂದು ಕಲಿಸಿದ್ದು. ಪಾಠವನ್ನು ಪೂರ್ತಿ ಕಲಿತಿದ್ದರೆ ಅದು ನಮ್ಮ ಕ್ಯಾಲೆಂಡರ್ ವಯಸ್ಸನ್ನೇ ನಮಗೆ ಒಪ್ಪಿಸುತ್ತಿತ್ತು, ದುಡ್ಡು ದಂಡ. ಆದ್ದರಿಂದ ಸ್ವಾರಸ್ಯವೆಲ್ಲ ಅದು ತಪ್ಪುವ ಕಡೆಯೇ ಇದೆ. ಆದರೆ ಆ ತಪ್ಪಿನಲ್ಲಿ ದೇಹದ ಸ್ಥಿತಿ ಎಷ್ಟು, ಅಳತೆಯ ಅಲುಗಾಟ ಎಷ್ಟು?

ಮಾವನ ನಾಲ್ಕು ವರ್ಷವನ್ನೇ ಬಿಡಿಸೋಣ. ಬೇಗ ಶಾಲೆಗೆ ಸೇರಿಸಲು ಎರಡು ವರ್ಷ ಹೆಚ್ಚಿಗೆ ಬರೆಸಿದ್ದರೆಂದು ದೊಡ್ಡಮ್ಮ ನೆನಪಿಸಿದರು. ಅಂದರೆ ನಿಜವಾದ ವಯಸ್ಸು 65, ಉಳಿದ ವ್ಯತ್ಯಾಸ ಎರಡೇ ವರ್ಷ. ಹೋರ್ವತ್ ಅವರ ಸೂತ್ರದಲ್ಲೇ ಅರ್ಧದಷ್ಟು ಮಾದರಿಗಳ ಉತ್ತರ 3.6 ವರ್ಷಕ್ಕಿಂತ ಹೆಚ್ಚು ತಪ್ಪುತ್ತಿತ್ತು. ಒಂದೇ ಮಾದರಿಯನ್ನು ಎರಡು ಸಲ ಅಳೆದರೂ ಉತ್ತರ ಕೆಲವು ವರ್ಷ ಸರಿಯಬಹುದು. ಹೆಸರಾದ ಆರು ಗಡಿಯಾರಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಅಂತರ ಒಂಬತ್ತು ವರ್ಷದವರೆಗೂ ಹೋಗಿತ್ತು. ರಕ್ತದಲ್ಲಿ ಯಾವ ಬಗೆಯ ಬಿಳಿ ಕಣ ಎಷ್ಟಿವೆ ಎಂಬುದೂ ಲೆಕ್ಕವನ್ನು ಎಳೆದಾಡುತ್ತದೆ. ಇಷ್ಟರ ನಡುವೆ ಎರಡು ವರ್ಷಕ್ಕೆ ಅರ್ಥ ಹುಡುಕುವುದು ಗಾಳಿಯಲ್ಲಿ ತಕ್ಕಡಿ ಹಿಡಿದಂತೆ.

ಹಾಗೆಂದು ಗಡಿಯಾರಗಳು ಸುಳ್ಳಲ್ಲ. 2019ರ ಗ್ರಿಮ್‌ಏಜ್ ಎಂಬ ಗಡಿಯಾರ ಕ್ಯಾಲೆಂಡರನ್ನು ಬಿಟ್ಟು, ಸಾವಿನವರೆಗಿನ ಅವಧಿಯನ್ನು ಊಹಿಸಲು ಕಲಿತದ್ದು. ರಕ್ತದ ಕೆಲವು ಪ್ರೋಟೀನುಗಳ ಜೊತೆಗೆ ಸೇದಿದ ಸಿಗರೇಟಿನ ಸುಳಿವನ್ನೂ ಅದು ಮೀಥೈಲ್ ಗುರುತುಗಳಿಂದಲೇ ಹಿಡಿಯುತ್ತದೆ. ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚು ಅಂಕಿ ಬಂದವರ ಗುಂಪಿನಲ್ಲಿ ಸಾವು ಬೇಗ ಎನ್ನುವುದನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ಒಬ್ಬ ಮಾವನಿಗೆ ಏನು ಮಾಡಬೇಕೆಂದು ಹೇಳುವ ವಿಷಯದಲ್ಲಿ ಬಿಪಿ ಅಳೆಯುವ ತೋಳಿನ ಪಟ್ಟಿಯೇ ಮೇಲು.

ಇದನ್ನೆಲ್ಲ ವಿವರಿಸಿದೆ. ಮಾವ ವರದಿಯನ್ನು ಮಡಿಚಿಟ್ಟರು. ಅವರನ್ನು ಕಾಡಿದ್ದು ಹೆಡ್‌ಮಾಸ್ತರರ ಲೆಕ್ಕ: ಎರಡು ವರ್ಷ ಮೊದಲೇ ನಿವೃತ್ತಿಯಾಗಿ ಅಷ್ಟೂ ಸಂಬಳ ಹೋಯಿತಲ್ಲ ಎಂದು.