ಗೆರೆ ದಾಟದ ಚುಕ್ಕಿಗಳು

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿ, ಲೇತ್ ಯಂತ್ರದ ಪಕ್ಕದ ಫಲಕದಲ್ಲಿದ್ದ ಕಂಟ್ರೋಲ್ ಚಾರ್ಟಿನ ಫೋಟೋ ಕಳುಹಿಸಿ, "ಸರ್, ಎಲ್ಲಾ ಚುಕ್ಕಿಗಳೂ ಮಿತಿಯ ಒಳಗೇ ಇವೆ, ಓಕೆ ಅಲ್ಲವೇ?" ಎಂದು ಕೇಳಿದ್ದ. ಕೆಂಪು ಗೆರೆ ದಾಟದಿದ್ದರೆ ಯಂತ್ರ ಸರಿಯಾಗಿದೆ ಎಂಬುದು ಕಾರ್ಖಾನೆಗಳಲ್ಲಿ ಬೇರೂರಿರುವ ನಂಬಿಕೆ. ಯಂತ್ರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದನ್ನು ನೋಡಿ ನಗುವ ಎಂಜಿನಿಯರುಗಳೂ ಇದನ್ನು ಪ್ರಶ್ನಿಸುವುದಿಲ್ಲ.

ಅಲ್ಲಿ ತಯಾರಾಗುತ್ತಿದ್ದುದು 12 ಮಿಲಿಮೀಟರ್ ವ್ಯಾಸದ ಉಕ್ಕಿನ ಪಿನ್. ಗಂಟೆಗೊಮ್ಮೆ ಐದು ಪಿನ್‌ಗಳನ್ನು ಅಳೆದು, ಅವುಗಳ ಸರಾಸರಿಯನ್ನು ಒಂದು ಚುಕ್ಕಿಯಾಗಿ ಗುರುತಿಸುತ್ತಾರೆ. ನಡುಗೆರೆ 12.000ರಲ್ಲಿ, ಮೇಲಿನ ಮತ್ತು ಕೆಳಗಿನ ಮಿತಿಗಳು ಅದರಿಂದ 12 ಮೈಕ್ರಾನ್ ದೂರದಲ್ಲಿವೆ. ಈ ದೂರ ಮೂರು ಸಿಗ್ಮಾಗೆ ಸಮ; ಸಿಗ್ಮಾ ಎಂಬುದು ಚುಕ್ಕಿಗಳ ಸಹಜ ಏರುಪೇರಿನ ಅಳತೆ. ಅಂದರೆ ಇಲ್ಲಿ ಒಂದು ಸಿಗ್ಮಾ ಎಂದರೆ 4 ಮೈಕ್ರಾನ್. ಮೊದಲ ಒಂಬತ್ತು ಚುಕ್ಕಿಗಳು ನಡುಗೆರೆಯ ಮೇಲೂ ಕೆಳಗೂ ಚದುರಿದ್ದವು. ಹತ್ತನೆಯದರಿಂದ ಹದಿನೇಳನೆಯದರವರೆಗೆ ನಡುಗೆರೆಯಿಂದ ಮೇಲಕ್ಕೆ ಕ್ರಮವಾಗಿ 2, 5, 3, 6, 5, 7, 5, 9 ಮೈಕ್ರಾನ್. ಯಾವುದೂ 12ನ್ನು ಮುಟ್ಟಿಲ್ಲ, ನಿಜ. ಆದರೆ ಎಂಟೂ ಒಂದೇ ಕಡೆ ಇವೆ.

ಯಂತ್ರ ಬದಲಾಗದಿದ್ದರೆ ಪ್ರತಿ ಚುಕ್ಕಿಯೂ ನಡುಗೆರೆಗಿಂತ ಮೇಲ್ಬದಿಯಲ್ಲಿ ಬೀಳುವ ಸಾಧ್ಯತೆ ಸುಮಾರು ಅರ್ಧ. ಕ್ರಿಕೆಟ್ ನಾಯಕನೊಬ್ಬ ಸತತ ಎಂಟು ಪಂದ್ಯಗಳಲ್ಲಿ ಟಾಸ್ ಗೆದ್ದರೆ ನಾಣ್ಯವನ್ನು ತಿರುಗಿಸಿ ನೋಡಬೇಕೆನಿಸುತ್ತದೆ, ಏಕೆಂದರೆ ಅದು 256ರಲ್ಲಿ ಒಂದು ಬಾರಿ ನಡೆಯುವ ಸಂಗತಿ. ಚುಕ್ಕಿಗಳ ಈ ಸಾಲೂ ಅಂಥದ್ದೇ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಬರೆದ ಪುಟ್ಟ ಟಿಪ್ಪಣಿಯೊಂದಿಗೆ ಈ ಚಾರ್ಟ್ ಹುಟ್ಟಿತು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಸಾಲುಗಳನ್ನು ಓದುವ ನಿಯಮಗಳನ್ನು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1956ರ ತನ್ನ ಕೈಪಿಡಿಯಲ್ಲಿ ಅಚ್ಚು ಹಾಕಿಸಿತು. ಅವುಗಳಲ್ಲಿ ಇಲ್ಲಿಗೆ ಬೇಕಾದವು ಎರಡು: ಸತತ ಎಂಟು ಚುಕ್ಕಿಗಳು ನಡುಗೆರೆಯ ಒಂದೇ ಬದಿಯಲ್ಲಿರುವುದು, ಸತತ ಐದರಲ್ಲಿ ನಾಲ್ಕು ಚುಕ್ಕಿಗಳು ಒಂದೇ ಬದಿಯಲ್ಲಿ ಒಂದು ಸಿಗ್ಮಾ ದಾಟಿರುವುದು.

ಎರಡನೆಯ ನಿಯಮವನ್ನು ಹಚ್ಚಿ ನೋಡಿ. ಹನ್ನೊಂದರಿಂದ ಹದಿನೈದರವರೆಗಿನ 5, 3, 6, 5, 7ರಲ್ಲಿ ನಾಲ್ಕು, 4 ಮೈಕ್ರಾನ್ ದಾಟಿವೆ. ಎಂಟರ ಸಾಲು ಹದಿನೇಳನೆಯ ಚುಕ್ಕಿಯಲ್ಲಿ ಪೂರ್ತಿಯಾಗುತ್ತದೆ. ಎರಡನೆಯ ನಿಯಮ ಅದಕ್ಕಿಂತ ಎರಡು ಗಂಟೆ ಮೊದಲೇ ಕೂಗಿ ಹೇಳಿತ್ತು.

ಹುಡುಗನೂ ಈ ನಿಯಮ ಬಲ್ಲವನೇ. ಅವನನ್ನು ದಾರಿ ತಪ್ಪಿಸಿದ್ದು ಫೋಟೋ. ಎಡಬದಿಯಲ್ಲಿ ನಿಂತು ಓರೆಯಾಗಿ ತೆಗೆದದ್ದರಿಂದ ಚಾರ್ಟಿನ ಬಲತುದಿ ದೂರವಾಗಿ, ಅಲ್ಲಿನ ಗೆರೆಗಳು ಒತ್ತೊತ್ತಾಗಿ ಕಾಣುತ್ತಿದ್ದವು. ಎಡತುದಿಯಲ್ಲಿ ಒಂದು ಸಿಗ್ಮಾದ ಎತ್ತರವನ್ನು ಪರದೆಯ ಮೇಲೆ ಬೆರಳಿನಿಂದ ಅಳೆದು, ಅದೇ ಅಳತೆಯನ್ನು ಬಲಕ್ಕೆ ಒಯ್ದಾಗ 5 ಮೈಕ್ರಾನಿನ ಚುಕ್ಕಿಗಳು ಅದರೊಳಗೇ ಅಡಗಿದವು. ಫೋಟೋದಲ್ಲಿ ಸೆಂಟಿಮೀಟರುಗಳನ್ನು ನಂಬಬಾರದು, ಗ್ರಾಫಿನ ಚೌಕಗಳನ್ನು ಎಣಿಸಬೇಕು. ಇಲ್ಲಿ ಒಂದು ಚೌಕ 2 ಮೈಕ್ರಾನ್. ಚಿತ್ರ ಎಷ್ಟು ಓರೆಯಾದರೂ ಎರಡು ಚೌಕ ದಾಟಿದ ಚುಕ್ಕಿ ಎರಡು ಚೌಕ ದಾಟಿಯೇ ಇರುತ್ತದೆ. ಅಂಚು ಕತ್ತರಿಸಿ ಹೋದ ಫೋಟೋ ಇನ್ನೂ ಕಷ್ಟ, ಏಕೆಂದರೆ ಸಾಲು ಎಲ್ಲಿ ಶುರುವಾಯಿತೆಂಬುದೇ ಅದರಲ್ಲಿ ಕಾಣುವುದಿಲ್ಲ.

ಅವನ ಫೋಟೋದಲ್ಲಿ ಕೆಳಗಿನ ವ್ಯಾಪ್ತಿಯ ಚಾರ್ಟ್, ಅಂದರೆ ಪ್ರತಿ ಐದು ಪಿನ್‌ಗಳಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಇರುವ ಅಂತರ, ಬಿಟ್ಟುಹೋಗಿತ್ತು. ತರಿಸಿ ನೋಡಿದರೆ ಅದು 21 ಮೈಕ್ರಾನಿನ ಆಸುಪಾಸಿನಲ್ಲಿ ಶಾಂತವಾಗಿತ್ತು. ಹಾಗಾಗಿ ಪಿನ್‌ಗಳ ನಡುವಿನ ಏರುಪೇರು ಹೆಚ್ಚಿಲ್ಲ, ಇಡೀ ಗುಂಪೇ ಮೇಲಕ್ಕೆ ಸರಿದಿದೆ. ಹೊರಮೈ ಕಡೆಯುವ ಇನ್ಸರ್ಟ್, ಅಂದರೆ ಲೇತಿನ ಬದಲಿಸಬಹುದಾದ ಅಲಗು, ಸವೆದಂತೆ ಅದರ ಅಂಚು ಹಿಂದೆ ಸರಿದು ವ್ಯಾಸ ದಪ್ಪವಾಗುತ್ತದೆ. ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಸತತ ಆರು ಏರಿಕೆ ಎಂಬ ಇನ್ನೊಂದು ಪ್ರಸಿದ್ಧ ನಿಯಮಕ್ಕೆ ಈ ಸವೆತ ಸಿಕ್ಕಲಿಲ್ಲ, ಏಕೆಂದರೆ ಚುಕ್ಕಿಗಳು ಏರುತ್ತಾ ನಡುನಡುವೆ ಇಳಿದಿದ್ದವು.

ನಿಯಮಗಳಿಗೂ ಬೆಲೆ ತೆರಬೇಕು. ಮೂರು ಸಿಗ್ಮಾ ಗೆರೆಯೊಂದನ್ನೇ ನೆಚ್ಚಿದರೆ, ಸರಿಯಿರುವ ಯಂತ್ರ ಸರಾಸರಿ 370 ಚುಕ್ಕಿಗಳಿಗೊಮ್ಮೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ಕೈಪಿಡಿಯ ನಾಲ್ಕೂ ನಿಯಮಗಳನ್ನು ಕೂಡಿಸಿದರೆ ಸುಮಾರು 92ಕ್ಕೊಮ್ಮೆ. ಪ್ರತಿಯಾಗಿ, ಒಂದು ಸಿಗ್ಮಾದಷ್ಟು ಸರಿದದ್ದನ್ನು ಹಿಡಿಯಲು ಬೇಕಾಗುವ ಚುಕ್ಕಿಗಳು ಸರಾಸರಿ 44ರಿಂದ 9ಕ್ಕೆ ಇಳಿಯುತ್ತವೆ. ಆದರೂ ಎಚ್ಚರಿಕೆ ಸುಳ್ಳಾಗಿರಬಹುದಾದ್ದರಿಂದ, ಯಂತ್ರದ ಅಳತೆ ಸರಿಹೊಂದಿಸುವ ಆಫ್‌ಸೆಟ್ ತಿರುಗಿಸುವ ಮುನ್ನ ಇನ್ಸರ್ಟ್ ಬಿಚ್ಚಿ ನೋಡು ಎಂದೆ. ಸಂಜೆ ಅದರ ಫೋಟೋ ಬಂತು: ಅಂಚಿನುದ್ದಕ್ಕೂ ಹೊಳೆಯುವ ಸವೆತದ ಪಟ್ಟಿ, ಈ ಸಲ ನೇರವಾಗಿ ಎದುರಿನಿಂದ ತೆಗೆದದ್ದು.